ಶುಕ್ರವಾರ, ದಶಮಿ, ರೇವತಿ

ಕತ್ತಲು ಹರಿಯುವ ಮೊದಲೇ ಅಲಾರಂ ಬಡಿದುಕೊಂಡಿತು. ಅವಳು ಕೈ ಚಾಚಲಿಲ್ಲ. ಅದು ತಾನಾಗಿ ಸೊರಗಿ ನಿಲ್ಲುವವರೆಗೂ ಜಂತೆ ನೋಡುತ್ತ ಮಲಗಿದ್ದಳು.

ಹದಿಮೂರರ ಊಟ ಮುಗಿದಿತ್ತು. ನೆಂಟರು ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು ಹೋಗಿದ್ದರು. ಕೆಲವರು ಅಳುತ್ತ ಹೋದರು, ಕೆಲವರು ಬಸ್ಸು ತಪ್ಪೀತೆಂದು ಓಡುತ್ತ ಹೋದರು. ಇವತ್ತು ಶನಿವಾರ, ಯಾವ ವಿಧಿಯೂ ಇಲ್ಲದ ಬರಿಯ ಶನಿವಾರ. ಹಾಲಿನವನು ಎಂದಿನಂತೆ ಬಾಗಿಲು ತಟ್ಟಿದ. ಅತ್ತೆ ಎಂದಿನಂತೆ ನಾಲ್ಕು ಲೋಟ ಇಟ್ಟರು. ನೋಡಿದರು. ಒಂದನ್ನು ತೆಗೆದು ಕವುಚಿ ಹಾಕಿದರು.

ನಡುಮನೆಯಲ್ಲಿ ಮಾವ ಸ್ನಾನ ಮುಗಿಸಿ ಮಣೆಯ ಮೇಲೆ ಕೂತಿದ್ದರು. ಊರಿಗೆಲ್ಲ ಗಳಿಗೆ ಇಟ್ಟುಕೊಡುವ ಜೋಯಿಸರು ಅವರು. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಆಪರೇಷನ್ ಮಾಡಿಸಿ ಅಂದರೆ, ದಿನ ನೋಡ್ತಿದ್ದೇನೆ ಅನ್ನುತ್ತಿದ್ದರು. ನೋಡುತ್ತಲೇ ಎರಡು ವರ್ಷವಾಗಿತ್ತು.

"ಓದೋ," ಅಂದರು ಮಾವ.

ಪ್ರತಿ ಬೆಳಿಗ್ಗೆ ಹಾಗೆ ಅನ್ನುತ್ತಿದ್ದರು, ಮಗ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಪಂಚಾಂಗ ತೆರೆದು ಓದುತ್ತಿದ್ದ. ಮಾತು ಬಾಯಿಂದ ಜಾರಿದ ಮೇಲೆ ಮಾವನಿಗೆ ಅರಿವಾಯಿತು. ಅಡುಗೆಮನೆಯಲ್ಲಿ ಅತ್ತೆಯ ಕೈಯ ಸೌಟು ನಿಂತಿತು. ಅವಳು ಹೋಗಿ, ಗೂಡಿನಿಂದ ಪಂಚಾಂಗ ತೆಗೆದು, ಬಾಗಿಲ ಚೌಕಟ್ಟಿಗೆ ಒರಗಿ ಓದಿದಳು.

"ಶನಿವಾರ. ಶುದ್ಧ ಚತುರ್ಥಿ. ಉತ್ತರಾಷಾಢ. ವೃದ್ಧಿ ಯೋಗ. ವಣಿಜ ಕರಣ."

"ಚೌತಿ," ಅಂದರು ಮಾವ, ಗಂಟಲು ಸರಿಮಾಡಿಕೊಂಡು. "ರಿಕ್ತಾ ತಿಥಿ. ಖಾಲಿ ಕೊಡ ಇದ್ದ ಹಾಗೆ. ಏನನ್ನೂ ಶುರು ಮಾಡಬಾರದು."

ಅದೇ ಹೊತ್ತಿಗೆ ಕೇಳಿಬಿಡುವುದು ವಾಸಿ ಎಂದು ಅವಳಿಗನ್ನಿಸಿತು. ಆಮೇಲೆ ನಾಲಿಗೆ ಏಳದೆ ಹೋಗಬಹುದು.

"ಮಾವ, ಕಾಲೇಜಿನವರು ಕೊಟ್ಟ ಗಡುವು ಈ ಸೋಮವಾರ ಬಿಟ್ಟು ಮುಂದಿನ ಸೋಮವಾರಕ್ಕೆ ಮುಗಿಯತ್ತೆ. ಅಷ್ಟರೊಳಗೆ ನಾನು ಹೋಗಿ ಸೇರಬೇಕು. ಒಂದು ದಿನ ಹೇಳಿ."

ಪೂರ್ವಕ್ಕೆ ಮೂರು ಗಂಟೆ ಬಸ್ಸಿನ ದಾರಿಯ ಊರಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಕೆಲಸ. ಅವಳ ಓದಿಗೆ ಸಿಕ್ಕ ಮೊದಲ ಕೆಲಸ. ಕಾಗದ ಬಂದ ದಿನ ಗಂಡ ಕುಣಿದಾಡಿದ್ದ. 'ಅಪ್ಪನ್ನ ಕೇಳಿದರೆ ದಿನವೇ ಸಿಗಲ್ಲ, ನಾಳೆ ಮೊದಲ ಬಸ್ಸಿಗೇ ಹೋಗಿ ಬಾಡಿಗೆಗೆ ಒಂದು ಕೋಣೆ ನೋಡಿಕೊಂಡು ಬರ್ತೀನಿ' ಅಂದಿದ್ದ. ಮನೆಯ ಗೋಡೆ ಗಡಿಯಾರ ರಿಪೇರಿಗೆ ಹೋಗಿತ್ತು. ಆ ಗಡಿಯಾರದವನಿಂದಲೇ ಎರಡು ದಿನದ ಮಟ್ಟಿಗೆ ಈ ಅಲಾರಂ ಎರವಲು ತಂದು, ತಲೆದೆಸೆಯಲ್ಲಿಟ್ಟುಕೊಂಡು ಮಲಗಿದ್ದ. ಶನಿವಾರ ಹೋದ, ಕೋಣೆ ಗೊತ್ತುಮಾಡಿ ರಾತ್ರಿ ನಗುತ್ತ ಬಂದ. ಭಾನುವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಬಚ್ಚಲಲ್ಲಿ ಕೂತವನು ಏಳಲಿಲ್ಲ. ಡಾಕ್ಟರು ಹೃದಯ ಅಂದರು. ಅತ್ತೆ ಶನಿವಾರ ಅಂದರು. ಶನಿವಾರ ಪೂರ್ವಕ್ಕೆ ಶೂಲ, ಆ ದಿಕ್ಕಿಗೆ ಹೊರಡಬಾರದ ದಿನ. ಗೊತ್ತಿದ್ದೂ ಗೊತ್ತಿದ್ದೂ ಹೋದ ಎಂದು ಹದಿಮೂರು ದಿನವೂ ಬಂದವರೆದುರೆಲ್ಲ ಎದೆ ಬಡಿದುಕೊಂಡರು. ಮಾವ ಮಾತ್ರ ಏನೂ ಅಂದಿರಲಿಲ್ಲ.

ಈಗಲೂ ಮಾವ ಬೆರಳ ಗಿಣ್ಣುಗಳ ಮೇಲೆ ಹೆಬ್ಬೆರಳಾಡಿಸಿದರು.

"ಇವತ್ತು ಆಗಲ್ಲ, ನೀನೇ ಓದಿದೆ. ನಾಳೆ ಶ್ರವಣ. ನಿಂದು ತುಲಾ ರಾಶಿ, ಚಂದ್ರ ನಾಲ್ಕನೇ ಮನೆ, ಒಳ್ಳೇದಲ್ಲ. ಸೋಮವಾರ ಮತ್ತೆ ಪೂರ್ವಕ್ಕೆ ಶೂಲ. ಮಂಗಳವಾರ ಜನ್ಮತಾರೆ, ಪ್ರಯಾಣಕ್ಕೆ ಆಗಲ್ಲ. ಬುಧವಾರ ಅಷ್ಟಮಿ, ಬೆಳಿಗ್ಗೆ ಭದ್ರೆಯ ಕೆಟ್ಟ ಗಳಿಗೆ ಬೇರೆ. ಗುರುವಾರ ನವಮಿ, ಅದೂ ರಿಕ್ತೆ. ಮೇಲೆ ನಿನ್ನ ಸ್ವಾತಿಗೆ ವಿಪತ್ತಾರೆ. ಆಮೇಲೆ ಧನುರ್ಮಾಸ ಬಂತಲ್ಲ. ಮಕರ ಸಂಕ್ರಮಣ ಕಳೀಲಿ ತಾಯಿ. ನೋಡೋಣ."

"ಅಷ್ಟು ಹೊತ್ತಿಗೆ ಕೆಲಸ ಬೇರೆಯವರಿಗೆ ಹೋಗಿರತ್ತೆ."

"ಕೆಲಸ ಹೋದರೆ ಬರತ್ತೆ," ಅಂದರು ಅತ್ತೆ ಒಳಗಿನಿಂದ.

ಅದರಾಚೆಗಿನ ಮಾತು ಹೊಗೆಯ ಹಾಗೆ ಮನೆ ತುಂಬ ನಿಂತಿತು. ಅವಳು ಪಂಚಾಂಗ ಗೂಡಿಗಿಟ್ಟಳು. ವಾದಿಸಲು ಸಿಟ್ಟಾದರೂ ಬೇಕು, ಅಳುವಾದರೂ ಬೇಕು. ಅವಳೊಳಗೆ ಎರಡೂ ಇರಲಿಲ್ಲ. ಹೇಗೂ ಮಾವನ ಲೆಕ್ಕ ತಪ್ಪುವುದಿಲ್ಲ ಎಂದುಕೊಂಡು ಪಾತ್ರೆ ತೊಳೆಯಲು ಹೋದಳು. ಆದರೆ ಮಾವ ಗುರುವಾರದಿಂದ ನೇರ ಧನುರ್ಮಾಸಕ್ಕೆ ಹಾರಿದ್ದನ್ನು ಅವಳು ಗಮನಿಸಲಿಲ್ಲ.

*

ಮರುದಿನ ಹತ್ತು ಗಂಟೆಗೆಲ್ಲ ಬಟ್ಟೆ ಅಂಗಡಿ ಯಜಮಾನ ಬಂದ. ಜೊತೆಗೆ ಅವನ ಅಕ್ಕ. ಬಾಯಿಗೆ ಬೀಗವಿಲ್ಲದ ಆ ಹೆಂಗಸನ್ನು ಬೀದಿಯಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು.

"ಒಳಗೆ ಹೋಗು," ಎಂದು ಅತ್ತೆ ಪಿಸುಗುಟ್ಟಿದರು. "ಶುಭಕಾರ್ಯಕ್ಕೆ ಬಂದಿದ್ದಾರೆ. ಎದುರಿಗೆ ಬೀಳಬೇಡ."

ಅವಳು ಕೋಣೆಗೆ ಹೋಗಿ ಪರದೆ ಎಳೆದುಕೊಂಡಳು. ಹದಿನೈದು ದಿನದ ಹಿಂದೆ ಇದೇ ದೊಡ್ಡಕ್ಕ ಬಂದಾಗ ಅವಳೇ ನೀರು ಕೊಟ್ಟಿದ್ದಳು. 'ನಿನ್ನ ಕೈ ನೀರೇ ತಂಪು ಕಣೇ' ಅನ್ನಿಸಿಕೊಂಡಿದ್ದಳು.

"ಜೋಯಿಸರೇ, ಇಂಥಾ ಹೊತ್ತಿನಲ್ಲಿ ಬರಬಾರದಿತ್ತು," ಅಂದ ಯಜಮಾನ. "ಆದರೆ ಧನುರ್ಮಾಸ ಬಾಗಿಲಿಗೆ ಬಂತು. ಮಗನಿಗೆ ಹೆಣ್ಣು ನೋಡೋಕೆ ಹೋಗಬೇಕು. ಜಾತಕ ಕೂಡಿದೆ ಅಂತ ನೀವೇ ಹೋದ ತಿಂಗಳು ಹೇಳಿದ್ರಿ. ಆ ಕಡೆಯವರು, ಬರೋದಾದರೆ ಈ ವಾರ ಬನ್ನಿ, ಇಲ್ಲದಿದ್ದರೆ ಇನ್ನೊಂದು ಕಡೆಯವರಿಗೆ ಹೂಂ ಅಂತೀವಿ ಅಂತಿದ್ದಾರೆ."

"ಸಾವು ಯಾರ ಮನೆಗೆ ಬರಲ್ಲ ಹೇಳಿ," ಅಂದರು ಮಾವ. "ಸೂತಕ ಕಳೀತು. ಕೂತ್ಕೊಳ್ಳಿ."

"ಹಾಗೇ ನಿಶ್ಚಯಕ್ಕೂ ಒಂದು ದಿನ ಹೇಳಿಬಿಡಿ," ಅಂದಳು ದೊಡ್ಡಕ್ಕ.

"ಹುಡುಗಿಯನ್ನ ಇನ್ನೂ ನೋಡೇ ಇಲ್ಲ!" ಅಂದರು ಮಾವ.

"ನಮ್ಮ ಹುಡುಗ ಆ ಹುಡುಗಿ ನೋಡಿ ಬೇಡ ಅನ್ನೋನಾ ಜೋಯಿಸರೇ? ಅಂಗಡಿಯಲ್ಲಿ ಗೊಂಬೆಗೆ ಸೀರೆ ಉಡಿಸುವಾಗಲೇ ಕಿವಿ ಕೆಂಪಾಗತ್ತೆ ಅವನಿಗೆ. ಒಪ್ಪಿಯೇ ಒಪ್ತಾನೆ."

ಯಜಮಾನ ನಕ್ಕ. ಮಾವನೂ ಸಣ್ಣಗೆ ನಕ್ಕರು. ಆ ನಗು ಬಂದದ್ದಕ್ಕೆ ಅವರೇ ಬೆಚ್ಚಿದಂತೆ ತಟ್ಟನೆ ನಿಲ್ಲಿಸಿದರು.

"ನೋಡೋ ದಿನಕ್ಕೆ ಅಷ್ಟು ಬಿಗಿ ಇಲ್ಲ," ಅಂದರು. "ಹೊರಡೋ ಹುಡುಗನ ನಕ್ಷತ್ರಕ್ಕೆ ಕೂಡಬೇಕು, ಹೋಗೋ ದಿಕ್ಕಿಗೆ ಶೂಲ ಇರಬಾರದು. ತಿಥಿ, ಕರಣ ಚೆನ್ನಾಗಿರಬೇಕು. ಹೊರಡುವಾಗ ರಾಹುಕಾಲ ಇರಬಾರದು. ಇಷ್ಟೇ. ಹುಡುಗನ ನಕ್ಷತ್ರ ಯಾವುದು, ಮರೆತೆ?"

"ಸ್ವಾತಿ. ತುಲಾ ರಾಶಿ."

ಪರದೆಯ ಹಿಂದೆ ಅವಳು ತಲೆಯೆತ್ತಿದಳು.

ಮಾವ ಮಣೆಯ ಮೇಲೆ ಸರಿದು ಕೂತರು. "ಊರು ಯಾವ ದಿಕ್ಕಿಗೆ?"

"ಪೂರ್ವಕ್ಕೆ. ಮೂರು ಗಂಟೆ ದಾರಿ."

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಮಾವ ಕೆಮ್ಮಿದರು. "ಓದು ತಾಯಿ," ಅಂದರು ಪರದೆಯ ಕಡೆ ತಿರುಗಿ. "ಸೋಮವಾರದಿಂದ."

ಬೆಳಿಗ್ಗೆ ಓದಿದ ಪಂಚಾಂಗ ಅವಳ ಕೈಯಲ್ಲೇ ಇತ್ತು. ಅವಳು ಓದತೊಡಗಿದಾಗ ದೊಡ್ಡಕ್ಕನ ಬಳೆಗಳ ಸದ್ದು ನಿಂತಿತು.

"ಓದ್ತಿರೋರು ಯಾರು ಜೋಯಿಸರೇ?"

"ಮನೆಯವರೇ."

"ಅಲ್ಲ, ಶುಭಕಾರ್ಯ... ಬೇಜಾರು ಮಾಡ್ಕೋಬೇಡಿ. ಪಾಪದ ಹುಡುಗಿ. ಆದರೂ..."

"ಸುಮ್ಮನಿರಕ್ಕ," ಅಂದ ಯಜಮಾನ. "ದೀಪ ಹಚ್ಚಿದ್ದು ಯಾರು ಅಂತ ಕೇಳಿ ಬೆಳಕು ಬೀಳತ್ತಾ?"

ಅವಳು ನಿಂತಲ್ಲಿಂದಲೇ ಮುಂದುವರಿಸಿದಳು. ಸೋಮವಾರ, ಧನಿಷ್ಠಾ: ನಕ್ಷತ್ರ ಒಳ್ಳೆಯದಿತ್ತು, ಪೂರ್ವಕ್ಕೆ ಶೂಲವೆಂದು ಮಾವ ತಳ್ಳಿದರು. ಮಂಗಳವಾರ, ಶತಭಿಷ: ಸ್ವಾತಿಯಿಂದ ಎಣಿಸಿದರೆ ಹತ್ತನೆಯದು, ಒಂಬತ್ತು ಕಳೆದರೆ ಒಂದು, ಜನ್ಮತಾರೆ. ಬುಧವಾರ, ಅಷ್ಟಮಿ, ಭದ್ರೆ. ಗುರುವಾರ, ನವಮಿ, ಉತ್ತರಾಭಾದ್ರ, ಎಣಿಸಿದರೆ ಮೂರನೆಯ ತಾರೆ, ವಿಪತ್ತು.

ಒಂದೊಂದಾಗಿ ದಿನಗಳು ಉದುರಿದವು. ನಿನ್ನೆ ಅವಳಿಗಾಗಿ ಉದುರಿದ ದಿನಗಳೇ, ಅದೇ ಕಾರಣಗಳಿಗೆ, ಅದೇ ಸಾಲಿನಲ್ಲಿ. ಅದೇ ನಕ್ಷತ್ರ, ಅದೇ ದಿಕ್ಕು; ಬೇರೆ ಹೇಗೆ ಆದೀತು? ಅವಳ ಬೆರಳು ಮುಂದಿನ ಸಾಲಿಗೆ ಬಂತು. ನಿನ್ನೆ ಮಾವ ಹಾರಿದ ಸಾಲು ಅದು. ಅವಳ ಕಿವಿಯಲ್ಲಿ ರಕ್ತ ಬಡಿಯತೊಡಗಿತು. ಹದಿನೈದು ದಿನದಲ್ಲಿ ಮೈಯೊಳಗೆ ಅವಳಿಗೆ ಕೇಳಿಸಿದ ಮೊದಲ ಸದ್ದು ಅದು.

"ಶುಕ್ರವಾರ..." ಅಂದಳು.

"ಶುಕ್ರವಾರ ಬೇಡ," ಅಂದರು ಮಾವ. ಬಲು ಬೇಗ ಅಂದರು. "ಧನು ಸಂಕ್ರಮಣ ಹತ್ತಿರವಾಯ್ತು. ಬುಧವಾರವೇ ಇಟ್ಟುಕೊಳ್ಳೋಣ. ಬೆಳಿಗ್ಗೆ ಭದ್ರೆ ಕಳೆದ ಮೇಲೆ ಹೊರಟರಾಯ್ತು. ತಾರೆ ಸಂಪತ್ತು, ತೊಂದರೆಯಿಲ್ಲ."

"ಅಷ್ಟಮಿಯಲ್ಲವೇ ಜೋಯಿಸರೇ?" ಯಜಮಾನನ ದನಿ ಅನುಮಾನಿಸಿತು. "ಅಷ್ಟಮಿ ಪ್ರಯಾಣಕ್ಕೆ ಬೇಡ ಅಂತ ನೀವೇ ಹೇಳ್ತಿದ್ರಿ."

"ಅನಿವಾರ್ಯ ಆದಾಗ ನಡೆಯತ್ತೆ."

ಅನಿವಾರ್ಯ ಯಾರಿಗೆ ಎಂಬುದು ಅವಳಿಗೆ ತಿಳಿದಿತ್ತು. ಶುಕ್ರವಾರ ಆ ಹುಡುಗನಿಗೆ ಒಳ್ಳೆಯದಾದರೆ ತನಗೂ ಒಳ್ಳೆಯದೇ. ತನ್ನನ್ನು ಕಟ್ಟಿಹಾಕಲು ಮಾವ ಬೇರೆಯವರ ಮಗನಿಗೆ ಎರಡನೇ ದರ್ಜೆಯ ದಿನ ಕೊಡುತ್ತಿದ್ದಾರೆ. ನಲವತ್ತು ವರ್ಷದಲ್ಲಿ ಹಾಗೆ ಮಾಡಿದವರಲ್ಲ ಅವರು. ಶ್ರೀಮಂತನೊಬ್ಬ ಮಗಳ ಮದುವೆಗೆ ತನಗೆ ಅನುಕೂಲದ ದಿನವನ್ನೇ ಒಳ್ಳೆಯದೆನ್ನಿ ಎಂದಾಗ, 'ನಿಮಗೆ ಬೇಕಾದ್ದು ಪಂಚಾಂಗವಲ್ಲ, ಕ್ಯಾಲೆಂಡರು. ಅದು ಅಂಗಡಿಯಲ್ಲಿ ಸಿಗತ್ತೆ' ಎಂದು ಕಳಿಸಿದವರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಸುಮ್ಮನಿರುವುದು ಈಗ ಅವಳಿಗೆ ಉಸಿರಾಡಿದಷ್ಟು ಸುಲಭ. ಆದರೆ ಓದಲು ಹೇಳಿದ್ದಾರೆ. ಓದುವುದನ್ನು ನಡುವೆ ನಿಲ್ಲಿಸಿ ಅಭ್ಯಾಸವಿಲ್ಲ.

"ಶುಕ್ರವಾರ," ಎಂದು ಅವಳು ಸಮದನಿಯಲ್ಲಿ ಓದಿದಳು. "ಶುದ್ಧ ದಶಮಿ, ಸಂಜೆವರೆಗೆ. ರೇವತಿ, ರಾತ್ರಿವರೆಗೆ. ವರೀಯಾನ್ ಯೋಗ. ಗರಜ ಕರಣ. ಶೂಲ ಪಶ್ಚಿಮಕ್ಕೆ. ಸ್ವಾತಿಯಿಂದ ರೇವತಿ ಹದಿಮೂರನೆಯದು. ಒಂಬತ್ತು ಕಳೆದರೆ ನಾಲ್ಕು, ಕ್ಷೇಮತಾರೆ. ತುಲೆಗೆ ಮೀನದ ಚಂದ್ರ ಆರನೆಯವನು, ಶುಭ." ಒಂದು ಉಸಿರು ಬಿಟ್ಟಳು. "ಧನು ಸಂಕ್ರಮಣ ಭಾನುವಾರ."

ಪರದೆಯ ಸಂದಿನಲ್ಲಿ ಮಾವನ ಕೈ ಕಾಣುತ್ತಿತ್ತು. ಹೆಬ್ಬೆರಳು ಗಿಣ್ಣಿನಿಂದ ಗಿಣ್ಣಿಗೆ ಹೋಯಿತು, ಸ್ವಾತಿಯಿಂದ ರೇವತಿಯವರೆಗೆ, ಯಾರಾದರೂ ನಡುವೆ ಒಂದು ನಕ್ಷತ್ರ ಕದ್ದಿದ್ದಾರೇನೋ ಎನ್ನುವಂತೆ ಎರಡು ಸಲ ಹೋಯಿತು. ಆಮೇಲೆ ಕೈ ತೊಡೆಯ ಮೇಲೆ ಬಿತ್ತು.

"ಹೌದು," ಅಂದರು. "ಶುಕ್ರವಾರಕ್ಕೆ ರೇವತಿ ಕೂಡಿದರೆ ಅಮೃತಸಿದ್ಧಿ. ಅದಕ್ಕಿಂತ ಒಳ್ಳೆಯ ದಿನ ಈ ವಾರ ಇಲ್ಲ. ಹತ್ತೂವರೆಗೆ ರಾಹುಕಾಲ, ಅದಕ್ಕೆ ಮುಂಚೆ ಹೊರಡಿ."

"ಮತ್ತೆ ಬೇಡ ಅಂದ್ರಲ್ಲ?" ಅಂದಳು ದೊಡ್ಡಕ್ಕ.

"ವಯಸ್ಸಾಯ್ತು ನೋಡಿ. ಎಣಿಕೆ ಜಾರತ್ತೆ."

ನಿಶ್ಚಯದ ದಿನಕ್ಕೆ ಹೊತ್ತು ಹಿಡಿಯಿತು. ನೋಡಲು ಹುಡುಗನ ನಕ್ಷತ್ರವೊಂದು ಸಾಕು. ನಿಶ್ಚಯಕ್ಕೆ ಇಬ್ಬರದೂ ಬೇಕು. ಹುಡುಗಿಯದು ರೋಹಿಣಿ, ವೃಷಭ. ಧನುರ್ಮಾಸ ಬಿಡಬೇಕು. ಪುಷ್ಯ ಮಾಸ ಬೇಡವೆಂದರು ಮಾವ, ಮಾಘ ಶುದ್ಧಕ್ಕೆ ಹೋಗು ಅಂದರು. ಅವಳು ಹಾಳೆ ತಿರುವಿದಳು. ಬುಧವಾರ ಪಂಚಮಿ, ಉತ್ತರಾಭಾದ್ರ. ಹುಡುಗನಿಗೆ ಮತ್ತೆ ವಿಪತ್ತು. ಮರುದಿನ ಗುರುವಾರ ಷಷ್ಠಿ, ಮತ್ತೆ ರೇವತಿ. ಹುಡುಗನಿಗೆ ಕ್ಷೇಮ, ಹುಡುಗಿಗೆ ಎಣಿಸಿದರೆ ಆರನೆಯ ತಾರೆ, ಸಾಧನ.

"ಹುಡುಗಿಗೆ ಚಂದ್ರ?"

"ಹನ್ನೊಂದು, ಮಾವ."

"ಲಾಭಸ್ಥಾನ. ಲಗ್ನ ವೃಷಭ ಇಡೋಣ, ಸ್ಥಿರ ಲಗ್ನ. ಕೊಟ್ಟ ಮಾತು ಅಲ್ಲಾಡಬಾರದು. ಮಧ್ಯಾಹ್ನ ರಾಹುಕಾಲ ಹತ್ತೋದರೊಳಗೆ ತಟ್ಟೆ ಬದಲಾಯಿಸಿಬಿಡಿ."

ಅಷ್ಟು ಹೊತ್ತಿಗೆ ಮಾವನ ದನಿ ಎಂದಿನ ಹದಕ್ಕೆ ಬಂದಿತ್ತು. ಅವಳದೂ ಬಂದಿತ್ತು. ಒಬ್ಬರು ಕೇಳುವುದು, ಒಬ್ಬರು ಹೇಳುವುದು. ಎತ್ತು ಗಾಣಕ್ಕೆ ಒಗ್ಗಿದ ಹಾಗೆ ಇಬ್ಬರೂ ಒಗ್ಗಿದ್ದರು. ಮಾಘದಲ್ಲಿಯೂ ಹೀಗೆಯೇ, ಬರುವ ವರ್ಷವೂ ಹೀಗೆಯೇ, ಈ ಪರದೆಯ ಹಿಂದೆ ನಿಂತು ಯಾರ ಯಾರದೋ ಶುಭದಿನ ಓದುತ್ತ ಮುದುಕಿಯಾಗುತ್ತೇನೆ ಅನ್ನಿಸಿತು. ಬೀದಿಯೆಲ್ಲ ತನ್ನ ದನಿ ಕೇಳಿ ಮದುವೆಯಾದೀತು; ತನ್ನ ಮುಖ ಕಂಡರೆ ಹಿಂದಕ್ಕೆ ಹೋದೀತು.

ಅವರು ಹೋದ ಮೇಲೆ ಅವಳು ಹೊರಗೆ ಬಂದಳು.

"ಮಾವ, ನಂದೂ ಸ್ವಾತಿ. ಊರೂ ಪೂರ್ವಕ್ಕೇ."

ಮಾವ ತಲೆ ತಗ್ಗಿಸಿ ಕೂತಿದ್ದರು. "ಗೊತ್ತು," ಅಂದರು.

ಇಷ್ಟೇ. ಹೋಗು ಎನ್ನಲಿಲ್ಲ.

*

ಶುಕ್ರವಾರದವರೆಗೂ ಆ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಅವಳು ಪ್ರತಿ ಬೆಳಿಗ್ಗೆ ಓದಿದಳು. ಬುಧವಾರ ಒಂದು ಚೀಲ ತುಂಬಿದಳು: ನಾಲ್ಕು ಸೀರೆ, ಪದವಿಯ ಕಾಗದಗಳು. ಅತ್ತೆ ಆ ಚೀಲವನ್ನು ಸುತ್ತಿಹೋದರು, ಮಲಗಿದ ನಾಯಿಯನ್ನು ಬಳಸಿಹೋಗುವಂತೆ.

"ಅವನೂ ಹೀಗೇ ಚೀಲ ತುಂಬಿದ್ದ," ಅಂದರು ಒಮ್ಮೆ, ಗೋಡೆಗೆ.

ಗುರುವಾರ ಸಂಜೆ ಅತ್ತೆ ಅವಳ ಬಳಿ ಬಂದು ನಿಂತರು. "ನಾಳೆ ಹೊರಡೋದೇ ಆದರೆ, ಬಟ್ಟೆ ಅಂಗಡಿಯವರು ಹೋಗೋವರೆಗೂ ಬೀದಿಗೆ ಇಳೀಬೇಡ. ಅವರಿಗೆ ಎದುರಾದರೆ ಜನ ನಮ್ಮನ್ನ ಸುಮ್ಮನೆ ಬಿಡಲ್ಲ."

ಅವಳು ಹೂಂ ಅಂದಳು. ಅವರು ಹೊರಟ ಮೇಲೆ, ರಾಹುಕಾಲಕ್ಕೆ ಮುಂಚೆ. ಆ ಸಂದಿಯಲ್ಲಿ ತೂರಿಹೋಗಬೇಕು. ರಾಹುಕಾಲ ತಾಕಿಬಿಟ್ಟರೆ ಅತ್ತೆ ಬಾಗಿಲಿಗೆ ಅಡ್ಡ ಕೂರುತ್ತಾರೆ, ಮಾವ ತೆಪ್ಪಗಿರುತ್ತಾರೆ. ನಾಳಿದ್ದು ಶನಿವಾರ, ಶೂಲ. ಭಾನುವಾರ ಧನುರ್ಮಾಸ.

ಶುಕ್ರವಾರ ಒಂಬತ್ತಕ್ಕೆ ಅವಳು ಸಿದ್ಧಳಾಗಿ ಕೋಣೆಯಲ್ಲಿ ಕೂತಳು. ಚೀಲ ಕಾಲ ಬಳಿ. ಗಡಿಯಾರದವನಿಗೆ ಕೊಡಬೇಕಾದ ಅಲಾರಂ ತೊಡೆಯ ಮೇಲೆ. ಬಟ್ಟೆ ಅಂಗಡಿಯವರು ಹೊರಡುವ ಮುನ್ನ ಜೋಯಿಸರಿಗೆ ನಮಸ್ಕಾರ ಮಾಡಿಹೋಗಲು ಇಡೀ ಸಂಸಾರ ಸಮೇತ ಬಂದರು. ಮಾಡಿದರು. ಹೋಗಲಿಲ್ಲ.

"ವ್ಯಾನು ಇನ್ನೇನು ಬರತ್ತೆ," ಅಂದ ಯಜಮಾನ.

ನಡುಮನೆ ತುಂಬಿತು. ಹೊಸ ಬಟ್ಟೆಯ ಗಂಜಿವಾಸನೆ ಪರದೆ ದಾಟಿ ಬಂತು. ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಹಿತ್ತಲಿನ ಕಡೆ ಗೋಡೆ. ಒಂಬತ್ತೂವರೆಯಾಯಿತು. ವ್ಯಾನಿನವನು ಚಕ್ರ ಬದಲಾಯಿಸುತ್ತಿದ್ದಾನೆಂದು ಸುದ್ದಿ ಬಂತು. ದೊಡ್ಡಕ್ಕ, ತನ್ನನ್ನು ನೋಡಲು ಬಂದವರು ಉಪ್ಪಿಟ್ಟು ಚೆನ್ನಾಗಿದೆಯೆಂದು ಉಪ್ಪಿಟ್ಟು ಮಾಡಿದ ತಂಗಿಯನ್ನು ಕೇಳಿದ ಕತೆ ಹೇಳಿ ಎಲ್ಲರನ್ನೂ ನಗಿಸಿದಳು. ಹತ್ತಾಯಿತು. ಅವಳ ತೊಡೆಯ ಮೇಲೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಸೆರಗಿನಲ್ಲಿ ಸುತ್ತಿದಳು. ಆದರೂ ಕೇಳುತ್ತಿತ್ತು. ನಡುಮನೆಯಲ್ಲಿ ಮಾವನಿಗೂ ಅದು ಕೇಳುತ್ತಿರಬೇಕು; ಕಣ್ಣು ಹೋದ ಮೇಲೆ ಅವರ ಕಿವಿ ಹಾವಿನ ಹಾಗಾಗಿತ್ತು. ಅವಳನ್ನು ತಡೆಯಲು ಮಾವ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು.

"ಜೋಯಿಸರೇ, ಹತ್ತೂಕಾಲು!" ಯಜಮಾನನ ದನಿಯಲ್ಲಿ ಗಾಬರಿ. "ಇನ್ನೇನು ರಾಹುಕಾಲ ಹತ್ತತ್ತೆ. ವ್ಯಾನು ಕಾಣೆ. ದಿನವೇ ಹಾಳಾಯ್ತಲ್ಲ!"

"ದಿನ ಯಾಕೆ ಹಾಳಾಗತ್ತೆ?" ಅಂದರು ಮಾವ. "ಪ್ರಸ್ಥಾನ ಇಡಿ. ಹುಡುಗ ಉಡೋದೋ ಹೊದೆಯೋದೋ ಒಂದು ಬಟ್ಟೆ, ಹೊಸಿಲು ದಾಟಿಸಿ, ಹೋಗೋ ದಿಕ್ಕಿಗೆ ಇನ್ನೊಬ್ಬರ ಜಾಗದಲ್ಲಿ ಇಟ್ಟು ಬನ್ನಿ. ಹೊರಟ ಹಾಗೇ ಲೆಕ್ಕ. ಆಮೇಲೆ ರಾಹುಕಾಲ ಕಳೆದು ನಿಧಾನವಾಗಿ ಹೋಗಿ, ಆ ಬಟ್ಟೆ ಎತ್ತಿಕೊಂಡು ಮುಂದೆ ನಡೆದರಾಯ್ತು. ಎದುರಿನ ದರ್ಜಿ ಅಂಗಡಿ ಪೂರ್ವಕ್ಕೇ ಇ..."

ಮಾತು ಅಲ್ಲಿಗೇ ನಿಂತಿತು.

ಹೊರಗೆ ಹುಡುಗ ಹೆಗಲ ಮೇಲಿನ ಶಲ್ಯ ತೆಗೆಯುವ ಸರಭರ ಕೇಳಿತು. ಆಮೇಲೆ ಮಣೆ ಸರಿದ ಸದ್ದು. ಗೋಡೆ ಸವರುತ್ತ ಬಂದ ಕೈಯೊಂದು ಪರದೆಯನ್ನು ಸರಿಸಿತು.

"ಎಲ್ಲಿಟ್ಟಿದ್ದೀಯ?" ಅಂದರು ಮಾವ.

ಅವಳು ಚೀಲವನ್ನು ಅವರ ಕೈಗೆ ತಾಕಿಸಿದಳು. ಅವರು ಹಿಡಿಯನ್ನು ಹುಡುಕಿ, ಗಟ್ಟಿಯಾಗಿ ಹಿಡಿದು, ತಿರುಗಿದರು.

"ಏನೂಂದ್ರೆ," ಅಂದರು ಅತ್ತೆ.

"ದಾರಿ ಬಿಡು."

"ಇದ್ಯಾರದು ಜೋಯಿಸರೇ?" ದೊಡ್ಡಕ್ಕ.

"ನನ್ನ ಸೊಸೇದು. ಪೂರ್ವಕ್ಕೆ ಹೊರಟಿದ್ದಾಳೆ. ಕಾಲೇಜಿನಲ್ಲಿ ಪಾಠ ಹೇಳೋ ಕೆಲಸ. ಸ್ವಾತಿ ನಕ್ಷತ್ರ, ನಿಮ್ಮ ಹುಡುಗಂದೇ. ನಿಮಗಿಟ್ಟ ದಿನವೇ ಅವಳಿಗೂ."

ದೊಡ್ಡಕ್ಕನಿಗೆ ಮಾತು ಹೊಳೆಯುವಷ್ಟರಲ್ಲಿ ಮಾವ ಹೊಸಿಲು ದಾಟಿದ್ದರು. ಹುಡುಗ ಓಡಿಹೋಗಿ ಅವರ ತೋಳು ಹಿಡಿದ. ಅವಳು ಕಿಟಕಿಯ ಕಡ್ಡಿಗಳ ನಡುವಿನಿಂದ ನೋಡಿದಳು: ಬೀದಿ ದಾಟುವ ಮುದುಕ, ಕೈಯಲ್ಲಿ ಅವಳ ಚೀಲ, ಪಕ್ಕದಲ್ಲಿ ಹೆಣ್ಣು ನೋಡಲು ಹೊರಟ ಹುಡುಗ. ದರ್ಜಿ ಹೊಲಿಗೆ ನಿಲ್ಲಿಸಿ, ಕತ್ತರಿ ಚೂರುಗಳನ್ನು ತಳ್ಳಿ, ಬೆಂಚಿನ ಮೇಲೆ ಜಾಗ ಮಾಡಿದ. ಶಲ್ಯ ಒಂದು ಕಡೆ, ಚೀಲ ಒಂದು ಕಡೆ.

"ಜೋಡಿ ಸಾಮಾನು ಇದ್ದರೆ ಬಾಡಿಗೆ ಜಾಸ್ತಿ ಸ್ವಾಮಿ," ಎಂದು ದರ್ಜಿ ಕೂಗಿದ್ದು ಇಲ್ಲಿಯವರೆಗೂ ಕೇಳಿತು.

ಮಾವ ವಾಪಸು ಬಂದು ಮಣೆಯ ಮೇಲೆ ಕೂತರು. ಏದುಸಿರು ಬರುತ್ತಿತ್ತು. "ಗಂಟೆ ಎಷ್ಟು?"

"ಹತ್ತೂವರೆಗೆ ಇನ್ನೂ ಸ್ವಲ್ಪ ಇದೆ," ಅಂದ ಯಜಮಾನ.

"ಸಾಕು."

*

ರಾಹುಕಾಲ ಕಳೆದು, ವ್ಯಾನು ಬಂದು, ಹಾರನ್ನು ಹೊಡೆದು, ದೊಡ್ಡಕ್ಕ ಮರೆತ ಕರವಸ್ತ್ರಕ್ಕೆ ಒಮ್ಮೆ ಹಿಂದಿರುಗಿ, ಅಂತೂ ಬೀದಿ ಬರಿದಾಯಿತು. ಅವಳು ಕೋಣೆಯಿಂದ ಹೊರಬಂದು ಮಾವನ ಕಾಲು ಮುಟ್ಟಿದಳು. ಅವರು ಅವಳ ತಲೆಯ ಮೇಲೆ ಕೈ ಇಡಲು ಹೋದದ್ದು ಭುಜದ ಮೇಲೆ ಬಿತ್ತು. ಅಲ್ಲೇ ಇಟ್ಟರು.

"ಅವನಿಗೂ ನಾನೇ ದಿನ ಹೇಳಬಹುದಿತ್ತು," ಅಂದರು. "ಕೇಳಿದ್ದರೆ ಸಂಕ್ರಮಣ ಕಳೀಲಿ ಅಂತಿದ್ದೆ. ಅದಕ್ಕೇ ಕೇಳಲಿಲ್ಲ ಅವನು."

ಅವಳು ಸೆರಗಿನೊಳಗಿನ ಅಲಾರಂ ಸರಿಮಾಡಿಕೊಂಡಳು.

"ಮಕರ ಬರಲಿ. ಈ ಕಣ್ಣಿಗೂ ಒಂದು ದಿನ ನೋಡ್ತೀನಿ."

"ನೀವು ನೋಡಬೇಡಿ ಮಾವ. ಡಾಕ್ಟರು ಕೊಟ್ಟ ದಿನ ಹೋಗಿ."

ಮಾವ ಮೂಗಿನಲ್ಲಿ ನಕ್ಕರು. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅವಳೇ ಒಳಗೆ ಹೋಗಿ ಅವರ ಕಾಲು ಮುಟ್ಟಿದಾಗ, ಅತ್ತೆ ಒಂದು ಬುತ್ತಿ ಡಬ್ಬಿ ಅವಳ ಕಡೆ ತಳ್ಳಿ ಮುಖ ತಿರುಗಿಸಿದರು. ಡಬ್ಬಿ ಇನ್ನೂ ಬಿಸಿಯಿತ್ತು. ಬೆಳಿಗ್ಗೆಯೇ ಮಾಡಿಟ್ಟಿದ್ದರೆ ಇಷ್ಟು ಹೊತ್ತಿಗೆ ಆರಿರುತ್ತಿತ್ತು.

ಅವಳು ಹೊಸಿಲು ದಾಟಿ ದರ್ಜಿಯ ಬೆಂಚಿನಿಂದ ಚೀಲ ಎತ್ತಿಕೊಳ್ಳುವಾಗ, ಮನೆಯೊಳಗಿಂದ ಅತ್ತೆಯ ದನಿ ಕೇಳಿತು. ಶಾಲೆಯ ಮಗುವಿನ ಹಾಗೆ ಅಕ್ಷರ ಅಕ್ಷರ ಕೂಡಿಸುತ್ತಿದ್ದರು. "ಏ... ಕಾ... ದ... ಶಿ..."

"ಅದು ನಾಳೇದು ಕಣೇ. ಮೇಲಿನ ಸಾಲು ಓದು."

"ಎಲ್ಲಾ ಇರುವೆ ಸಾಲಿನ ಹಾಗೆ ಕಾಣತ್ತೆ. ನಿಧಾನಕ್ಕೆ ಓದ್ತೀನಿ, ಅವಸರ ಮಾಡಬೇಡಿ."

ಬಸ್ ನಿಲ್ದಾಣದ ಪಕ್ಕದಲ್ಲಿ ಗಡಿಯಾರದವನ ಅಂಗಡಿ. ಗೋಡೆ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಗಂಟೆ. ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಅವಳನ್ನು ನೋಡಿದ. ಗುರುತು ಹಿಡಿದು ಎದ್ದು ನಿಂತ.

"ನಿಮ್ಮ ಮನೆ ಗೋಡೆ ಗಡಿಯಾರ ಆಗಿದೆಯಮ್ಮ. ತಂದುಕೊಡೋಣ ಅಂದ್ಕೊಂಡೆ, ಇಂಥಾ ಹೊತ್ತಿನಲ್ಲಿ ಹೇಗೆ ಬರೋದು ಅಂತ..."

"ಮನೆಗೆ ಕೊಟ್ಟುಬಿಡಿ. ಅತ್ತೆ ಇರ್ತಾರೆ." ಅವಳು ಸೆರಗಿನಿಂದ ಅಲಾರಂ ಬಿಡಿಸಿ ಮೇಜಿನ ಮೇಲೆ ಇಟ್ಟಳು. "ಇದು ನಿಮ್ಮದು. ಅವರು ಎರಡು ದಿನಕ್ಕೆ ಅಂತ ತಂದಿದ್ದರು."

"ಅದಕ್ಕೇನಂತೆ." ಅವನು ಅದನ್ನು ಕಿವಿಗಿಟ್ಟು ಕೇಳಿ, ಹಿಂಬದಿ ತಿರುಗಿಸಿದ. ಅವನ ಬೆರಳು ಸಣ್ಣ ತಿರುಗಣಿಯ ಮೇಲೆ ನಿಂತಿತು. "ಅಲಾರಂ ಇಟ್ಟಿದೆಯಲ್ಲ. ಬೆಳಗಿನ ಜಾವಕ್ಕೆ."

"ಅವರು ಇಟ್ಟದ್ದು. ಮೊದಲ ಬಸ್ಸಿಗೆ."

ಅವನು ತಿರುಗಿಸಲಿಲ್ಲ. "ತೆಗೀಲಾ, ಹಾಗೇ ಇರಲಾ?" ಅಂದ.

ಹೊರಗೆ ಕಂಡಕ್ಟರು ಅವಳು ಹೋಗಬೇಕಾದ ಊರಿನ ಹೆಸರು ಕೂಗುತ್ತಿದ್ದ. ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ತೆಗೀರಿ," ಅಂದಳು.